ನಾಲಂದಾ ಮಹಾವಿಹಾರ: ದತ್ತಿಗ್ರಾಮ, ವಿದ್ಯೆ ಮತ್ತು ವಿನಾಶ

ನಾಲಂದಾದ ಅಂತ್ಯವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಬೆಂಕಿಯಿಂದ ಶುರುವಾಗುತ್ತದೆ. ಅದಕ್ಕೆ ಮೊದಲು ಆ ವಿಹಾರಕ್ಕೆ ಅಕ್ಕಿ ಎಲ್ಲಿಂದ ಬರುತ್ತಿತ್ತು ಎಂದು ಕೇಳಬೇಕು. ಅದರ ವಿದ್ಯೆ ಏಳು ಶತಮಾನ ಹೇಗೆ ಉಳಿಯಿತು ಎಂಬುದಕ್ಕೂ ಮತ್ತೆ ಏಕೆ ಚಿಗುರಲಿಲ್ಲ ಎಂಬುದಕ್ಕೂ ಉತ್ತರ ಅಲ್ಲಿದೆ.

ಮಗಧದ ರಾಜಗೃಹದ ಸಮೀಪ 5ನೇ ಶತಮಾನದಲ್ಲಿ ಮೊದಲ ವಿಹಾರವನ್ನು ಕಟ್ಟಿಸಿದವನು ಶಕ್ರಾದಿತ್ಯನೆಂದು ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ. ವಿದ್ವಾಂಸರು ಇವನನ್ನು ಗುಪ್ತ ದೊರೆ ಒಂದನೇ ಕುಮಾರಗುಪ್ತನೆಂದು ಗುರುತಿಸುತ್ತಾರೆ. 7ನೇ ಶತಮಾನದಲ್ಲಿ ಆ ಯಾತ್ರಿಕ ಅಲ್ಲಿ ಓದುತ್ತಿದ್ದಾಗ ಸುಮಾರು 100 ಹಳ್ಳಿಗಳ ಆದಾಯ ವಿಹಾರಕ್ಕೆ ಮೀಸಲಾಗಿತ್ತು; 200 ಮನೆಗಳವರು ದಿನವೂ ಅಕ್ಕಿ, ಬೆಣ್ಣೆ, ಹಾಲು ತಂದೊಪ್ಪಿಸುತ್ತಿದ್ದರು. ಅವನ ಚರಿತ್ರೆ ಬರೆದ ಶಿಷ್ಯರು ಇದರ ಫಲವನ್ನೂ ಹೇಳಿದ್ದಾರೆ: ವಿದ್ಯಾರ್ಥಿಗಳು ಅನ್ನ, ವಸ್ತ್ರ, ಹಾಸಿಗೆ, ಔಷಧಗಳಿಗಾಗಿ ಯಾರನ್ನೂ ಬೇಡಬೇಕಿರಲಿಲ್ಲ. ಕೆಲವು ದಶಕಗಳ ನಂತರ ಬಂದ ಇನ್ನೊಬ್ಬ ಚೀನೀ ಯಾತ್ರಿಕ ಇತ್ಸಿಂಗ್‌ನ ಕಾಲಕ್ಕೆ ದತ್ತಿಗ್ರಾಮಗಳು 200 ದಾಟಿದ್ದವು. ಭಿಕ್ಷುಗಳ ಸಂಖ್ಯೆ 10,000 ಎಂಬ ಪ್ರಸಿದ್ಧ ಮಾತು ಆ ಚರಿತ್ರೆಯದು. ಇತ್ಸಿಂಗ್ ಹೇಳುವುದು 3,000ಕ್ಕಿಂತ ತುಸು ಹೆಚ್ಚು. ಉತ್ಖನನದಲ್ಲಿ ಕಂಡ ಕೋಣೆಗಳನ್ನು ನೋಡಿದರೆ ಇತ್ಸಿಂಗ್‌ನ ಲೆಕ್ಕವೇ ಹೆಚ್ಚು ನಂಬಲರ್ಹ.

ಬೇಡದೆ ದೊರೆತ ಈ ಅನ್ನವೇ ಪಾಠಕ್ರಮದ ದೀರ್ಘತೆಗೆ ಆಧಾರ. ವಿಹಾರದ ಆಚಾರ್ಯ ಶೀಲಭದ್ರನು ಹ್ಯೂಯೆನ್ ತ್ಸಾಂಗ್‌ಗೆ ಯೋಗಾಚಾರಭೂಮಿ ಶಾಸ್ತ್ರವನ್ನು ಒಮ್ಮೆ ಪೂರ್ತಿ ಪಾಠ ಹೇಳಲು 15 ತಿಂಗಳು ಹಿಡಿಯಿತು. ಮಹಾಯಾನದ ಜೊತೆಗೆ ಹದಿನೆಂಟು ನಿಕಾಯಗಳ ಗ್ರಂಥಗಳು, ಹೇತುವಿದ್ಯೆ, ಶಬ್ದವಿದ್ಯೆ, ಚಿಕಿತ್ಸಾವಿದ್ಯೆ, ಸಾಂಖ್ಯ, ವೇದಗಳೂ ಅಲ್ಲಿ ಅಧ್ಯಯನದ ವಿಷಯಗಳಾಗಿದ್ದವು. ಪರಮತವನ್ನು ಖಂಡಿಸಬೇಕಾದವನು ಅದನ್ನು ಮೂಲದಲ್ಲೇ ಓದಿರಬೇಕಿತ್ತು. ವ್ಯಾಕರಣವೇ ಎಲ್ಲಕ್ಕೂ ಹೆಬ್ಬಾಗಿಲು. ಹದಿನೈದರ ಹುಡುಗರು ಕಾಶಿಕಾವೃತ್ತಿಯನ್ನು ಹಿಡಿದರೆ ಅರ್ಥ ಕೈಹತ್ತಲು ಐದು ವರ್ಷ ಬೇಕು ಎಂದು ಇತ್ಸಿಂಗ್ ಬರೆಯುತ್ತಾನೆ. ಹೊರಗಿನಿಂದ ವಾದಕ್ಕೆ ಬಂದವರಲ್ಲಿ ಹತ್ತಕ್ಕೆ ಏಳೆಂಟು ಮಂದಿ ದ್ವಾರದಲ್ಲಿಯೇ ಸೋತು ಹಿಂತಿರುಗುತ್ತಿದ್ದರು.

ದತ್ತಿಯ ವಿನಿಯೋಗ ತಿಳಿಯಲು 1921ರಲ್ಲಿ ನಾಲಂದಾದಲ್ಲಿ ದೊರೆತ ದೇವಪಾಲನ ತಾಮ್ರಶಾಸನಕ್ಕಿಂತ ಉತ್ತಮ ದಾಖಲೆಯಿಲ್ಲ. ಇದು 9ನೇ ಶತಮಾನದ್ದು. ಸುವರ್ಣದ್ವೀಪದ ಶೈಲೇಂದ್ರ ವಂಶದ ದೊರೆ ಬಾಲಪುತ್ರದೇವ ನಾಲಂದಾದಲ್ಲಿ ಒಂದು ವಿಹಾರ ಕಟ್ಟಿಸಿ, ಅದಕ್ಕೆ ಭೂಮಿ ಬಿಡಬೇಕೆಂದು ದೂತನ ಮೂಲಕ ಪಾಲ ದೊರೆಯನ್ನು ಕೇಳಿಕೊಂಡ. ದೇವಪಾಲ ಐದು ಹಳ್ಳಿಗಳನ್ನು ಕೊಟ್ಟ: ನಾಲ್ಕು ರಾಜಗೃಹ ವಿಷಯದವು, ಒಂದು ಗಯಾ ವಿಷಯದ್ದು. ಆದಾಯ ಸಲ್ಲಬೇಕಾದದ್ದು ಬುದ್ಧನ ಪೂಜೆಗೆ, ಭಿಕ್ಷುಗಳ ಊಟ, ವಸ್ತ್ರ, ಹಾಸಿಗೆ, ಔಷಧಗಳಿಗೆ, ಧರ್ಮಗ್ರಂಥಗಳ ಪ್ರತಿ ಬರೆಸುವುದಕ್ಕೆ, ಒಡೆದು ಬಿರಿದ ಕಟ್ಟಡದ ದುರಸ್ತಿಗೆ. ಜೀರ್ಣೋದ್ಧಾರದ ಈ ಕೊನೆಯ ಷರತ್ತು ಕನ್ನಡ ನಾಡಿನ ದೇವಾಲಯ ಶಾಸನಗಳನ್ನು ಓದಿದವರಿಗೆ ಚಿರಪರಿಚಿತ. ಗಮನಿಸಬೇಕಾದದ್ದು, ಕಟ್ಟಿಸಿದವನು ಸಮುದ್ರದಾಚೆಯ ದೊರೆಯಾದರೂ ಹಳ್ಳಿ ಕೊಡಬಲ್ಲವನು ಮಗಧವನ್ನು ಆಳುವವನೇ. ದತ್ತಿಯ ಬಲವೂ ದೌರ್ಬಲ್ಯವೂ ಇಲ್ಲಿಯೇ ಇದೆ.

ಬೆಂಕಿ ಅಲ್ಲಿ ಹೊಸದಲ್ಲ. ಪಾಲ ದೊರೆ ಮಹೀಪಾಲನ ಆಳ್ವಿಕೆಯ 11ನೇ ವರ್ಷದ ಬಾಗಿಲುವಾಡದ ಶಾಸನವೊಂದು, ಬೆಂಕಿಗೆ ತುತ್ತಾದ ಕಟ್ಟಡವನ್ನು ಬಾಲಾದಿತ್ಯನೆಂಬ ಉಪಾಸಕ ಮತ್ತೆ ನಿಲ್ಲಿಸಿದನೆಂದು ಹೇಳುತ್ತದೆ. ಅಂದು ಸುಟ್ಟದ್ದನ್ನು ಕಟ್ಟುವವರಿದ್ದರು, ಕಟ್ಟಿದ್ದನ್ನು ಉಳಿಸುವ ಪಾಲರ ಆಡಳಿತವೂ ಇತ್ತು.

ಸುಮಾರು 1200ರಲ್ಲಿ ಬಖ್ತಿಯಾರ್ ಖಿಲ್ಜಿ ನಡೆಸಿದ ದಾಳಿಗೆ ಮುಖ್ಯ ಆಕರ ಮಿನ್ಹಾಜ್‌ನ ತಬಕಾತ್-ಇ-ನಾಸಿರಿ. 200 ಕುದುರೆ ಸವಾರರು ಕೋಟೆಯೊಂದಕ್ಕೆ ನುಗ್ಗಿದರು, ತಲೆಬೋಳಿಸಿಕೊಂಡಿದ್ದವರನ್ನೆಲ್ಲ ಕೊಂದರು. ಅಲ್ಲಿದ್ದ ಪುಸ್ತಕಗಳನ್ನು ಓದಿ ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಇದನ್ನು ಮಿನ್ಹಾಜ್ ಪಾಲ್ಗೊಂಡವನೊಬ್ಬನಿಂದಲೇ ಕೇಳಿ ಬರೆದ. ಆದರೆ ಅವನು ಹೆಸರಿಸಿದ ಊರು ಬಿಹಾರ, ಅಂದರೆ ನೆರೆಯ ಓದಂತಪುರಿ. ನಾಲಂದಾದ ಹೆಸರು ಅವನಲ್ಲಿಲ್ಲ. ನಾಲಂದಾದ ರತ್ನೋದಧಿ ಗ್ರಂಥಾಲಯವನ್ನು ತೀರ್ಥಿಕರು ಸುಟ್ಟರೆಂಬ ಕಥೆಯ ಟಿಬೆಟನ್ ಆಕರಗಳು ತೀರ ಈಚಿನವು. ಅವುಗಳ ಬಲದಿಂದ ತುರುಷ್ಕ ದಾಳಿಯ ಹೊಣೆಯನ್ನು ಅಳಿಸಲಾಗದು, ಮಿನ್ಹಾಜ್‌ನ ಬಲದಿಂದ ನಾಲಂದಾ ಒಂದೇ ದಿನ ಬೂದಿಯಾಯಿತೆನ್ನಲೂ ಆಗದು.

ಏಕೆಂದರೆ 1235ರ ಸುಮಾರಿಗೆ ಟಿಬೆಟಿನ ಯಾತ್ರಿಕ ಧರ್ಮಸ್ವಾಮಿ ಬಂದಾಗಲೂ ಅಲ್ಲಿ ಪಾಠ ನಡೆಯುತ್ತಿತ್ತು. ತೊಂಬತ್ತು ದಾಟಿದ ರಾಹುಲಶ್ರೀಭದ್ರ ಸುಮಾರು 70 ಶಿಷ್ಯರಿಗೆ ಕಲಿಸುತ್ತಿದ್ದ. ಹಳ್ಳಿಗಳ ಮೀಸಲು ಆದಾಯವಿರಲಿಲ್ಲ. ಓದಂತಪುರಿಯ ಬ್ರಾಹ್ಮಣ ಗೃಹಸ್ಥ ಜಯದೇವ ನೆರವಾಗುತ್ತಿದ್ದ. ಸೈನಿಕರು ಅವನನ್ನು ಸೆರೆಹಿಡಿದಾಗ, ನಾಲಂದಾದವರು ಓಡಿಹೋಗಲಿ ಎಂದು ಸೆರೆಯಿಂದಲೇ ಹೇಳಿಕಳಿಸಿದ. ಧರ್ಮಸ್ವಾಮಿ ಗುರುವನ್ನು ಬೆನ್ನ ಮೇಲೆ ಹೊತ್ತು ಸಮೀಪದ ಗುಡಿಯೊಂದರಲ್ಲಿ ಅಡಗಿಕೊಂಡ.

ನನ್ನ ನಿರ್ಣಯ ಇಷ್ಟು: ಖಡ್ಗ ಭಿಕ್ಷುಗಳನ್ನು ಕೊಂದಿತು, ಚದುರಿಸಿತು, ಪಾಲರ ಪತನ ದತ್ತಿಗ್ರಾಮಗಳ ರಕ್ಷಣೆಯನ್ನು ಕಿತ್ತುಕೊಂಡಿತು. ಮಹೀಪಾಲನ ಕಾಲದಂತೆ ಈ ಬಾರಿ ನಾಲಂದಾ ಚೇತರಿಸಿಕೊಳ್ಳದಿರಲು ಎರಡನೆಯದೇ ಮುಖ್ಯ ಕಾರಣ.