ಲೈಡಾರ್ ಕಾಲದಲ್ಲಿ ಗಾಲಿಯ ಲೆಕ್ಕ

ಗದಗ, ಹುಬ್ಬಳ್ಳಿ ಕಡೆಯ ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ಈಗ ಗಾಲಿ ರೋಬೋಟ್ ಎಂದರೆ ತಲೆಯ ಮೇಲೆ ಗಿರಗಿರ ತಿರುಗುವ ಲೈಡಾರ್ ಇರಲೇಬೇಕು. ಪರದೆಯ ಮೇಲೆ ಕೋಣೆಯ ನಕ್ಷೆ ಮೂಡುತ್ತಿದ್ದಂತೆ ನೋಡುವವರು ಸೇರುತ್ತಾರೆ. ಗಾಲಿಯ ವ್ಯಾಸ ಎಷ್ಟು, ಎರಡು ಗಾಲಿಗಳ ನಡುವಿನ ಅಂತರ ಎಷ್ಟು ಎಂದು ಕೇಳಿದರೆ ಮಾತ್ರ ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಸರ, ಲೈಡಾರ್ ಐತಲ್ರೀ, ಮತ್ತ ಎನ್‌ಕೋಡರ್ ಯಾಕ್ರಿ?" ಎಂದು ತಿರುಗಿ ಕೇಳಿದವರೂ ಇದ್ದಾರೆ. ಪ್ರಶ್ನೆ ತಪ್ಪಲ್ಲ, ಅದರ ಹಿಂದಿನ ನಂಬಿಕೆ ತಪ್ಪು. ಆ ನಂಬಿಕೆ ಹುಟ್ಟಿದ್ದು ಹೇಗೆ ಎಂದು ತಿಳಿಯಲು ಈ ಕ್ಷೇತ್ರ ನಡೆದು ಬಂದ ದಾರಿಯನ್ನು ಒಮ್ಮೆ ನೋಡಬೇಕು.

ಮೊದಲ ಹಂತವನ್ನು ಬೇಗ ಮುಗಿಸಬಹುದು. 2000ದ ಆಸುಪಾಸಿನಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪ್ಲೇಯರ್ ಎಂಬ ತಂತ್ರಾಂಶ, ಮೋಟಾರು ಮತ್ತು ಸೆನ್ಸರ್‌ಗಳನ್ನು ನೆಟ್‌ವರ್ಕ್ ಮೂಲಕ ಮಾತಾಡಿಸುವ ರೂಢಿ ಹಾಕಿತು. ಆಗಿನ ಸಿಕ್ ಕಂಪನಿಯ ಲೇಸರ್ ಒಂದೇ ನಾಲ್ಕೂವರೆ ಕಿಲೋ ತೂಗುತ್ತಿತ್ತು. 2007ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ವಿಲ್ಲೋ ಗರಾಜ್ ಸೇರಿ ರಾಸ್ ಕೆಲಸ ಶುರುಮಾಡಿದವು. ಅದರ ಮೊದಲ ಡಿಸ್ಟ್ರಿಬ್ಯೂಷನ್ 2010ರ ಮಾರ್ಚ್‌ನಲ್ಲಿ ಬಂತು. ಅದೇ ವರ್ಷದ ಕೊನೆಗೆ ರೂಪುಗೊಂಡ ಟರ್ಟಲ್‌ಬಾಟ್ ಎಂದರೆ ಕಸ ಗುಡಿಸುವ ಯಂತ್ರದ ತಳ, ಅದರ ಮೇಲೆ ಒಂದು ಸಣ್ಣ ಲ್ಯಾಪ್‌ಟಾಪ್, ಒಂದು ಕಿನೆಕ್ಟ್ ಕ್ಯಾಮೆರಾ. ಕ್ಯಾಮೆರಾದ ಆಳದ ಚಿತ್ರದಿಂದ ಒಂದು ಪಟ್ಟಿ ಕತ್ತರಿಸಿ ಅದನ್ನೇ ಲೇಸರ್ ಎಂದು ಸಾಗಹಾಕುತ್ತಿದ್ದ ಕಾಲ ಅದು.

ನಮ್ಮ ಕಡೆ ದಾರಿ ಬೇರೆ ಇತ್ತು. ಐಐಟಿ ಬಾಂಬೆಯ ಇ-ಯಂತ್ರ ಯೋಜನೆಯಿಂದ ಕರ್ನಾಟಕದ ಕಾಲೇಜುಗಳಿಗೂ ಬಂದ ಫೈರ್‌ಬರ್ಡ್ ರೋಬೋಟ್‌ನಲ್ಲಿ ಲಿನಕ್ಸ್ ಇರಲಿಲ್ಲ, ಒಂದು ಎಟಿಮೆಗಾ ಚಿಪ್ ಇತ್ತು. ಗಾಲಿಗೆ ಸೀಳುಗಳುಳ್ಳ ತಟ್ಟೆ ಇತ್ತು, ಒಂದು ಪಲ್ಸ್‌ಗೆ ಸುಮಾರು ಅರ್ಧ ಸೆಂಟಿಮೀಟರ್ ದೂರ. ಬಿಳಿ ಗೆರೆಯ ಮೇಲೆ ಓಡುವ ಆಟಿಕೆ ಎಂದು ಈಗ ಅದನ್ನು ಹಗುರವಾಗಿ ಮಾತಾಡುತ್ತಾರೆ. ಆದರೆ ಪಲ್ಸ್ ಎಣಿಸಿ ದೂರ ಲೆಕ್ಕ ಹಾಕುವುದನ್ನು ಒಂದು ಪೀಳಿಗೆ ಕಲಿತದ್ದು ಅದರ ಮೇಲೆಯೇ.

ನನ್ನ ಓರಗೆಯವರ ಕಾಲ 2016ರ ರಾಸ್‌ಬೆರಿ ಪೈ 3ರಿಂದ ಶುರುವಾಗುತ್ತದೆ. ಅಂಗೈಯಗಲದ ಕಂಪ್ಯೂಟರ್ ಮೇಲೆ ರಾಸ್ ನಿಜವಾಗಿ ಓಡತೊಡಗಿದ್ದು ಆಗ. ಸ್ಲಾಮ್‌ಟೆಕ್‌ನ ಆರ್‌ಪಿಲೈಡಾರ್ ಎ1 ಅದೇ ಹೊತ್ತಿಗೆ ಕಾಲೇಜಿನ ಕೈಗೆ ಎಟುಕಿತು. ಆಗ ಎರಡು ಪಂಥಗಳಾದವು. ಎನ್‌ಕೋಡರ್ ತಂತಿಗಳನ್ನು ನೇರವಾಗಿ ಪೈಗೇ ಜೋಡಿಸುವವರು ಒಂದು ಕಡೆ. ಎಣಿಕೆಯನ್ನು ಆರ್ಡುಯಿನೋಗೆ ಬಿಟ್ಟು, ಪೈಗೆ ಯುಎಸ್‌ಬಿ ಮೂಲಕ ಸಂಖ್ಯೆ ಮಾತ್ರ ಕಳಿಸುವವರು ಇನ್ನೊಂದು ಕಡೆ. ನಾನು ಎರಡನೆಯ ಪಂಥದವನು, ಕಾರಣ ಲೆಕ್ಕದಲ್ಲೇ ಇದೆ. ಮೋಟಾರಿನ ಹಿಂದಿನ ಎನ್‌ಕೋಡರ್ ಒಂದು ಸುತ್ತಿಗೆ 11 ಪಲ್ಸ್ ಕೊಡುತ್ತದೆ, ಗೇರು 30ಕ್ಕೆ 1. ಎರಡು ಚಾನೆಲ್‌ಗಳ ಏರಿಳಿತಗಳನ್ನೆಲ್ಲ ಹಿಡಿದರೆ ನಾಲ್ಕು ಪಟ್ಟು. ಅಲ್ಲಿಗೆ ಗಾಲಿಯ ಒಂದು ಸುತ್ತಿಗೆ 1320 ಎಣಿಕೆ. ಸೆಕೆಂಡಿಗೆ ಎರಡು ಸುತ್ತಿನಂತೆ ಎರಡು ಗಾಲಿ ಓಡಿದರೆ ಸೆಕೆಂಡಿಗೆ 5280 ಎಣಿಕೆ. ನಡುವೆ ಬೇರೆ ಹತ್ತು ಕೆಲಸಕ್ಕೆ ಓಗೊಡುವ ಲಿನಕ್ಸ್ ಇವುಗಳಲ್ಲಿ ಕೆಲವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ದೋಷದ ಸಂದೇಶ ಬರುವುದಿಲ್ಲ. ರೋಬೋಟ್ ವೇಗವಾಗಿ ಓಡಿದಾಗ ಮಾತ್ರ ದೂರ ಕಡಿಮೆ ತೋರಿಸುತ್ತದೆ. ಒಂದೇ ದೂರವನ್ನು ನಿಧಾನವಾಗಿ ಒಮ್ಮೆ, ಜೋರಾಗಿ ಒಮ್ಮೆ ಓಡಿಸಿ ಎಣಿಕೆ ಹೋಲಿಸಿದರೆ ಈ ಕಳ್ಳತನ ಸಿಕ್ಕಿಬೀಳುತ್ತದೆ.

ಈಗಿನ ಹಂತ ರಾಸ್ 2ರದು. ಅದರ ಮೊದಲ ಬಿಡುಗಡೆ 2017ರ ಡಿಸೆಂಬರ್‌ನಲ್ಲಿ. ಹಳೆಯ ರಾಸ್‌ನ ಕೊನೆಯ ಆವೃತ್ತಿ ನೊಯೆಟಿಕ್‌ಗೆ 2025ರ ಮೇ ತಿಂಗಳಿಗೆ ಬೆಂಬಲ ಮುಗಿಯಿತು. ಇಂದು ಹೊಸದಾಗಿ ಕೂಡಿಸುವವರು ಪೈ 4 ಅಥವಾ 5ರ ಮೇಲೆ 64 ಬಿಟ್‌ನ ಉಬುಂಟು 24.04 ಸರ್ವರ್ ಹಾಕಿ, ರಾಸ್‌ನ ಭಂಡಾರವನ್ನು ಸೇರಿಸಿ, ಜಾಝಿ ಆವೃತ್ತಿಯ ಮೂಲ ಭಾಗವನ್ನಷ್ಟೇ ಇಳಿಸಿಕೊಂಡರೆ ಸಾಕು:

```
sudo apt install ros-jazzy-ros-base
```

ಚಿತ್ರ ತೋರಿಸುವ ಆರ್‌ವಿಜ್ ಮೊದಲಾದವು ಲ್ಯಾಪ್‌ಟಾಪ್‌ನಲ್ಲಿರಲಿ. ಲೈಡಾರ್ ಮತ್ತು ಆರ್ಡುಯಿನೋ ಎರಡೂ ಯುಎಸ್‌ಬಿಯಲ್ಲಿರುವುದರಿಂದ ಇಂದು `/dev/ttyUSB0` ಆಗಿದ್ದದ್ದು ನಾಳೆ `ttyUSB1` ಆಗಬಹುದು. `/dev/serial/by-id` ಒಳಗಿನ ಉದ್ದ ಹೆಸರನ್ನೇ ಬಳಸಿದರೆ ಆ ಗೋಳಿಲ್ಲ. ಇಷ್ಟರ ಮೇಲೆ ತಯಾರಕರ ಡ್ರೈವರ್ ಓಡಿಸಿದರೆ `/scan` ಬರುತ್ತದೆ. `ros2 topic hz /scan` ಎಂದು ಕೇಳಿದರೆ ಎ1 ಸೆಕೆಂಡಿಗೆ ಸುಮಾರು ಐದೂವರೆ ಸುತ್ತು ಎನ್ನುತ್ತದೆ. ಲೇಸರ್‌ನ ಭಾಗ ನಿಜಕ್ಕೂ ಇಷ್ಟು ಸುಲಭ. ಎಲ್ಲರೂ ಅದನ್ನೇ ತೋರಿಸುವುದೂ ಅದಕ್ಕೇ.

`/odom` ಹಾಗಲ್ಲ. ಅದನ್ನು ಕೊಂಡು ತರಲಾಗದು, ನಿಮ್ಮ ರೋಬೋಟ್‌ನ ಅಳತೆಯಿಂದಲೇ ಕಟ್ಟಬೇಕು. ತಿರುಳು ಏಳು ಸಾಲು:

```
d_l = n_l * m_per_tick
d_r = n_r * m_per_tick
d   = (d_l + d_r) / 2
dth = (d_r - d_l) / b
x  += d * cos(th + dth/2)
y  += d * sin(th + dth/2)
th += dth
```

ಇಲ್ಲಿ `n_l`, `n_r` ಎಂದರೆ ಹಿಂದಿನ ಸಲದಿಂದ ಈಚೆಗೆ ಎಡ, ಬಲ ಗಾಲಿಗಳ ಎಣಿಕೆ. `m_per_tick` ಒಂದು ಎಣಿಕೆಗೆ ಗಾಲಿ ಸಾಗುವ ದೂರ, `b` ಗಾಲಿಗಳ ನಡುವಿನ ಅಂತರ, ಎರಡೂ ಮೀಟರ್‌ನಲ್ಲಿ. ಉಳಿದದ್ದೆಲ್ಲ ಎರಡು ಸಂಖ್ಯೆಗಳ ಮೇಲೆ ನಿಂತಿದೆ: ಗಾಲಿಯ ವ್ಯಾಸ ಮತ್ತು ಈ `b`. ಡಬ್ಬಿಯ ಮೇಲೆ 65 ಮಿಮೀ ಎಂದು ಬರೆದ ಗಾಲಿಯ ಸುತ್ತಳತೆ 204.2 ಮಿಮೀ, 1320ರಿಂದ ಭಾಗಿಸಿದರೆ ಒಂದು ಎಣಿಕೆಗೆ 0.155 ಮಿಮೀ. ಈ ಲೆಕ್ಕ ಹಾಕಿ ರೋಬೋಟನ್ನು ನೇರ ಓಡಿಸಿ, `/odom` 2.00 ಮೀಟರ್ ಎಂದಾಗ ನಿಲ್ಲಿಸಿ, ನೆಲದ ಮೇಲೆ ಟೇಪು ಹಿಡಿದರೆ 1.94 ಬಂತು ಎನ್ನೋಣ. ಬ್ಯಾಟರಿಯ ಭಾರಕ್ಕೆ ರಬ್ಬರು ಅದುಮಿರುತ್ತದೆ. ಹಾಗಾಗಿ ದುಡಿಯುವ ವ್ಯಾಸ 65 × 1.94 ÷ 2.00, ಅಂದರೆ 63 ಮಿಮೀ. ಇದನ್ನು ಮೊದಲು ತಿದ್ದಬೇಕು. ಆಮೇಲೆ ರೋಬೋಟನ್ನು ನಿಂತಲ್ಲೇ ತಿರುಗಿಸಬೇಕು. `/odom` ಹತ್ತು ಸುತ್ತು ಎಂದಾಗ ಅದು ನಿಜವಾಗಿ ಒಂಬತ್ತೂವರೆ ಸುತ್ತಿದ್ದರೆ, ನಾವು 180 ಮಿಮೀ ಎಂದು ಬರೆದ `b` 180 × 10 ÷ 9.5, ಅಂದರೆ 189.5 ಆಗಬೇಕು. ಅಗಲವಾದ ಗಾಲಿ ನೆಲವನ್ನು ಎಲ್ಲಿ ಮುಟ್ಟುತ್ತದೆ ಎಂಬುದು ಸ್ಕೇಲು ಹಿಡಿದರೆ ತಿಳಿಯುವುದಿಲ್ಲ, ತಿರುಗಿಸಿಯೇ ತಿಳಿಯಬೇಕು. ದಿಕ್ಕು ಒಂದೇ ಡಿಗ್ರಿ ತಪ್ಪಿದರೂ ಐದು ಮೀಟರ್ ಹೋಗುವಷ್ಟರಲ್ಲಿ ರೋಬೋಟ್ ಪಕ್ಕಕ್ಕೆ ಒಂಬತ್ತು ಸೆಂಟಿಮೀಟರ್‌ನಷ್ಟು ಸರಿದಿರುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ಬೋರೆನ್‌ಸ್ಟೈನ್ ಮತ್ತು ಫೆಂಗ್ 1990ರ ದಶಕದಲ್ಲೇ ನಾಲ್ಕು ಮೀಟರ್ ಚೌಕದ ಸುತ್ತ ಎಡಕ್ಕೂ ಬಲಕ್ಕೂ ಓಡಿಸಿ ಈ ತಪ್ಪುಗಳನ್ನು ಬೇರ್ಪಡಿಸುವ ಕ್ರಮವನ್ನು ಕೊಟ್ಟಿದ್ದರು. ಅದಕ್ಕಿಂತ ಉಪಯುಕ್ತವಾದದ್ದು ಈ ವಿಷಯದಲ್ಲಿ ಆಮೇಲೆ ಹೆಚ್ಚೇನೂ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಲೈಡಾರ್ ಒಂದೇ ಸಾಕು ಎಂಬ ಮಾತು ಬಂದದ್ದೆಲ್ಲಿಂದ? 2011ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಿಂದ ಬಂದ ಹೆಕ್ಟರ್ ಸ್ಲ್ಯಾಮ್ ಗಾಲಿಯ ಲೆಕ್ಕವಿಲ್ಲದೆ ನಕ್ಷೆ ಬರೆದು ತೋರಿಸಿತು. ಅದು ಸುಳ್ಳಲ್ಲ. ಆದರೆ ಅವರ ಕೈಯಲ್ಲಿದ್ದ ಹೊಕುಯೋ ಲೇಸರ್ ಸೆಕೆಂಡಿಗೆ 40 ಸುತ್ತು ನೋಡುತ್ತಿತ್ತು, ನಮ್ಮದು ಐದೂವರೆ. ಸೆಕೆಂಡಿಗೆ ಒಂದು ರೇಡಿಯನ್‌ನಂತೆ ತಿರುಗುವ ರೋಬೋಟ್ ನಮ್ಮ ಲೈಡಾರ್‌ನ ಒಂದು ಸುತ್ತು ಮುಗಿಯುವುದರೊಳಗೆ ಹತ್ತು ಡಿಗ್ರಿ ಹೊರಳಿರುತ್ತದೆ. ಗೋಡೆಯ ಆರಂಭ ಒಂದು ಕಡೆಯಿಂದ ನೋಡಿದ್ದು, ಕೊನೆ ಇನ್ನೊಂದು ಕಡೆಯಿಂದ ನೋಡಿದ್ದು. ಇನ್ನು ಉದ್ದನೆಯ ಕಾರಿಡಾರಿನಲ್ಲಿ ಎರಡೂ ಬದಿ ಗೋಡೆ ಒಂದೇ ಸಮ ಇದ್ದರೆ, ರೋಬೋಟ್ ಮುಂದೆ ಹೋಗುತ್ತಿದೆಯೋ ನಿಂತಿದೆಯೋ ಲೇಸರ್‌ಗೆ ಗೊತ್ತಾಗುವುದೇ ಇಲ್ಲ. ಮೂವತ್ತು ಮೀಟರ್‌ನ ಕಾರಿಡಾರು ನಕ್ಷೆಯಲ್ಲಿ ಹನ್ನೆರಡು ಮೀಟರ್‌ಗೆ ಕುಗ್ಗುವುದು ಹೀಗೆ. ಇಂದು ಹೆಚ್ಚಾಗಿ ಬಳಸುವ ಸ್ಲ್ಯಾಮ್ ಟೂಲ್‌ಬಾಕ್ಸ್ ಕೂಡ ಗಾಲಿಯ ಲೆಕ್ಕ ಇದೆ ಎಂದು ನಂಬಿಕೊಂಡೇ ಹೊರಡುತ್ತದೆ.

ಎರಡನ್ನೂ ಒಟ್ಟಿಗೆ ಪರೀಕ್ಷಿಸುವ ಒಂದು ಹಳೆಯ ಉಪಾಯ ಉಂಟು, ಈಗ ಯಾರೂ ಮಾಡುವುದಿಲ್ಲ. ಲೈಡಾರ್ ರೋಬೋಟ್‌ನ ಮಧ್ಯದಿಂದ ಎಷ್ಟು ಮುಂದೆ, ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿಗೆ ಕೂತಿದೆ ಎಂದು ಮೊದಲು ತಿಳಿಸಬೇಕು. ಹಿಂದುಮುಂದಾಗಿ ಕೂತಿದ್ದರೆ ಹೀಗೆ:

```
ros2 run tf2_ros static_transform_publisher \
  --x 0.08 --z 0.12 --yaw 3.14159 \
  --frame-id base_link --child-frame-id laser
```

ಆಮೇಲೆ ಆರ್‌ವಿಜ್‌ನಲ್ಲಿ ಸ್ಥಿರ ಚೌಕಟ್ಟಾಗಿ `odom` ಆಯ್ದು, ಸ್ಕ್ಯಾನ್‌ನ ಚುಕ್ಕೆಗಳು ಇಪ್ಪತ್ತು ಸೆಕೆಂಡು ಅಳಿಯದಂತೆ ಇಟ್ಟು, ರೋಬೋಟನ್ನು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಗೋಡೆ ಇದ್ದಲ್ಲೇ ಇದ್ದರೆ ಎಲ್ಲ ಸರಿ. ಗೋಡೆ ಸ್ವಲ್ಪ ಸ್ವಲ್ಪವೇ ಜಾರಿ ಬೀಸಣಿಗೆಯಂತೆ ಬಿಚ್ಚಿಕೊಂಡರೆ `b` ತಪ್ಪಿದೆ. ಕೋಣೆಯೇ ಎರಡು ಪಟ್ಟು ವೇಗದಲ್ಲಿ ಸುತ್ತಿದರೆ ಎಡ ಬಲ ಎನ್‌ಕೋಡರ್‌ಗಳ ದಿಕ್ಕು ಅದಲು ಬದಲಾಗಿದೆ. ತಿರುಗುವಾಗ ಸರಿ ಇದ್ದು, ನೇರ ಹೋದಾಗ ಎದುರಿನ ಗೋಡೆ ದೂರ ಸರಿಯತೊಡಗಿದರೆ ಲೈಡಾರ್‌ನ ದಿಕ್ಕು ತಪ್ಪಿ ಬರೆದಿದ್ದೀರಿ. ನಕ್ಷೆ ಬರೆಯುವ ತಂತ್ರಾಂಶವನ್ನು ಮುಟ್ಟುವ ಮೊದಲೇ ಮುಕ್ಕಾಲು ಪಾಲು ದೋಷ ಇಲ್ಲಿ ಹೊರಬೀಳುತ್ತದೆ.

ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಯಂಥ ಊರಿನ ಮನೆಗೆ ರೋಬೋಟನ್ನು ಒಯ್ದು ಕೆಲಸ ಮಾಡುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ, ಬೆಂಗಳೂರಿನ ಲ್ಯಾಬಿನವರಿಗೆ ಅದು ಕಾಣುವುದೇ ಇಲ್ಲ. ಪೈ 4ರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಕರೆಂಟು ಹೋಗಿ ಬಂದ ಮೇಲೆ ಅಂತರ್ಜಾಲ ಸಿಗದಿದ್ದರೆ ಅದು ನಿಂತ ಹೊತ್ತಿನಿಂದಲೇ ಕಾಲವನ್ನು ಮುಂದುವರಿಸುತ್ತದೆ. ಪೈ ಮಧ್ಯಾಹ್ನದಲ್ಲಿದೆ, ಲ್ಯಾಪ್‌ಟಾಪ್ ಸಂಜೆಯಲ್ಲಿದೆ. ಲ್ಯಾಪ್‌ಟಾಪ್‌ನ ದಾರಿ ಹುಡುಕುವ ಪ್ರೋಗ್ರಾಂ ರೋಬೋಟ್ ಈ ಕ್ಷಣ ಎಲ್ಲಿದೆ ಎಂದು ಕೇಳಿದರೆ ಉತ್ತರದ ಬದಲು `extrapolation` ಎಂಬ ದೂರು ಸಾಲುಸಾಲಾಗಿ ಬರುತ್ತದೆ. ಎರಡರಲ್ಲೂ `date` ಎಂದು ಹೊಡೆದು ನೋಡಿದರೆ ಸಾಕು. ಲ್ಯಾಪ್‌ಟಾಪ್‌ನಲ್ಲಿ ಕ್ರೋನಿ ಹಾಕಿ ಪೈ ಅದರಿಂದಲೇ ಗಂಟೆ ಕೇಳಿಕೊಳ್ಳುವಂತೆ ಮಾಡಿದರೆ ಅಂತರ್ಜಾಲದ ಹಂಗಿಲ್ಲ.

ಈ ಕ್ಷೇತ್ರದ ಬರಹದಲ್ಲಿ ಕಾಣುವ ದೊಡ್ಡ ಖಾಲಿ ಜಾಗ ನಮ್ಮ ನೆಲದ್ದೇ. ನುಣುಪು ಟೈಲ್ಸ್ ಮೇಲೆ ಸಿಕ್ಕ `b`, ಸಂದು ತೆರೆದ ಶಹಾಬಾದ ಫರಸಿಯ ಮೇಲೆ ಹಾಗೇ ಉಳಿಯುವುದಿಲ್ಲ. ಎರೆ ಹೊಲದಲ್ಲಿ ಗಾಲಿ ಜಾರಿದರೆ ಎಣಿಕೆ ಏರುತ್ತದೆ, ರೋಬೋಟ್ ಇದ್ದಲ್ಲೇ ಇರುತ್ತದೆ. ಎ1 ಥರದ ಲೈಡಾರ್ ಮನೆಯೊಳಗಿನ ವಸ್ತು, ನಮ್ಮ ಬಿಸಿಲಲ್ಲಿ ಅದರ ಚುಕ್ಕೆಗಳು ಮಾಯವಾಗುತ್ತವೆ. ಆದರೂ ಕೃಷಿ ರೋಬೋಟ್ ಎಂಬ ಹೆಸರು ಹೊತ್ತ ವರದಿಗಳಲ್ಲಿ ಸಿಮ್ಯುಲೇಟರ್‌ನ ಸಮತಟ್ಟು ನೆಲದ ಚಿತ್ರಗಳೇ ತುಂಬಿರುತ್ತವೆ. ಈ ವರ್ಷ ಪ್ರಾಜೆಕ್ಟ್ ಮಾಡುವ ಗದಗ, ಲಕ್ಷ್ಮೇಶ್ವರದ ಹುಡುಗ ಹುಡುಗಿಯರಲ್ಲಿ ಕೇಳಿಕೊಳ್ಳುವುದು ಇಷ್ಟೇ: ನಕ್ಷೆಯ ಬಣ್ಣದ ಚಿತ್ರ ಒಂದು ಕಡಿಮೆಯಾದರೂ ಚಿಂತೆಯಿಲ್ಲ, ತಿದ್ದುವ ಮೊದಲು ಮತ್ತು ತಿದ್ದಿದ ಮೇಲೆ ಗಾಲಿಯ ವ್ಯಾಸ ಎಷ್ಟು, ಗಾಲಿಗಳ ಅಂತರ ಎಷ್ಟು, ಯಾವ ನೆಲದ ಮೇಲೆ ಅಳೆದಿರಿ ಎಂಬುದನ್ನು ವರದಿಯಲ್ಲಿ ಒಂದು ಪುಟ ಬರೆದಿಡಿ.