ಪ್ರಾಂಪ್ಟಿನಲ್ಲಿ ಹೇಳಿಕೊಡುವುದು, ಮಾದರಿಯನ್ನೇ ಪಳಗಿಸುವುದು: ಕನ್ನಡದ ಟೋಕನ್ ಲೆಕ್ಕ

ದೊಡ್ಡ ಭಾಷಾ ಮಾದರಿಗೆ ಹೊಸ ಕೆಲಸವೊಂದನ್ನು ಒಪ್ಪಿಸಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಸೂಚನೆಯನ್ನೂ ಕೆಲವು ಉದಾಹರಣೆಗಳನ್ನೂ ಪ್ರಾಂಪ್ಟಿನಲ್ಲೇ ಬರೆದುಕೊಡಲಾಗುತ್ತದೆ. ಮಾದರಿ ಅವನ್ನು ಓದಿ ಅದೇ ಜಾಡಿನಲ್ಲಿ ಉತ್ತರಿಸುತ್ತದೆ, ಅದರೊಳಗೆ ಏನೂ ಬದಲಾಗುವುದಿಲ್ಲ. ಇದು ಇನ್-ಕಾಂಟೆಕ್ಸ್ಟ್ ಲರ್ನಿಂಗ್, ಅಂದರೆ ಸಂದರ್ಭದೊಳಗಿನ ಕಲಿಕೆ. ಎರಡನೆಯದು ಫೈನ್‌ಟ್ಯೂನಿಂಗ್. ಇಲ್ಲಿ ಸಾವಿರಾರು ಉದಾಹರಣೆಗಳನ್ನು ಉಣಿಸಿ ಮಾದರಿಯೊಳಗಿನ ಸಂಖ್ಯೆಗಳನ್ನೇ ತಿದ್ದಲಾಗುತ್ತದೆ. ಮೊದಲನೆಯದರಲ್ಲಿ ಖರ್ಚು ಪ್ರತಿ ಪ್ರಶ್ನೆಯ ಜೊತೆಗೂ ಬರುತ್ತದೆ. ಎರಡನೆಯದರಲ್ಲಿ ಬಹುಪಾಲು ಖರ್ಚು ಮೊದಲೇ ಆಗುತ್ತದೆ.

ಚರಿತ್ರೆಯಲ್ಲಿ ಫೈನ್‌ಟ್ಯೂನಿಂಗ್ ಮೊದಲು ಬಂತು. 2018ರಲ್ಲಿ ಗೂಗಲ್‌ನ ಬರ್ಟ್ ಮಾದರಿ ಬಂದ ಮೇಲೆ, ಸಿದ್ಧ ಮಾದರಿಯೊಂದನ್ನು ತೆಗೆದುಕೊಂಡು ಒಂದೊಂದು ಕೆಲಸಕ್ಕೂ ಬೇರೆಯಾಗಿ ತಿದ್ದುವುದು ವಾಡಿಕೆಯಾಯಿತು. ಎಐ4ಭಾರತ್ ತಂಡ 2020ರಲ್ಲಿ ಹೊರತಂದ ಇಂಡಿಕ್‌ಬರ್ಟ್ ಇದೇ ಪರಂಪರೆಯದು, ಅದರ ಭಾಷೆಗಳಲ್ಲಿ ಕನ್ನಡವೂ ಇತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಜಿಪಿಟಿ-3 ಪ್ರಬಂಧ ಹೊರಬಂದು ಚಿತ್ರ ಬದಲಾಯಿತು. 17,500 ಕೋಟಿ ಪ್ಯಾರಾಮೀಟರ್‌ಗಳ ಆ ಮಾದರಿ, ಪ್ರಾಂಪ್ಟಿನಲ್ಲಿಟ್ಟ ಬೆರಳೆಣಿಕೆಯ ಉದಾಹರಣೆಗಳಿಂದಲೇ ಅನುವಾದ, ಪ್ರಶ್ನೋತ್ತರದಂಥ ಕೆಲಸಗಳನ್ನು ಮಾಡಿ ತೋರಿಸಿತು.

ಹೊಸ ದಾರಿಯ ದೋಷಗಳೂ ಬೇಗ ಕಂಡುಬಂದವು. 2021ರ ಅಧ್ಯಯನಗಳ ಪ್ರಕಾರ, ಅವೇ ಉದಾಹರಣೆಗಳನ್ನು ಹಿಂದುಮುಂದು ಮಾಡಿದರೂ ಫಲಿತಾಂಶ ಬಹಳ ಏರುಪೇರಾಗುತ್ತದೆ, ಕೊನೆಯಲ್ಲಿಟ್ಟ ಉದಾಹರಣೆಯ ಉತ್ತರದ ಕಡೆಗೆ ಮಾದರಿ ವಾಲುತ್ತದೆ. ಅತ್ತ ಫೈನ್‌ಟ್ಯೂನಿಂಗ್ ಅಗ್ಗವಾಗತೊಡಗಿತ್ತು. 2021ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪ್ರಕಟಿಸಿದ ಲೋರಾ ವಿಧಾನದಲ್ಲಿ ಮೂಲ ಮಾದರಿಯನ್ನು ಮುಟ್ಟದೆ, ಪಕ್ಕದಲ್ಲಿ ಚಿಕ್ಕ ತಿದ್ದುಪಡಿಯೊಂದನ್ನು ಮಾತ್ರ ಕಲಿಸಲಾಗುತ್ತದೆ. ಜಿಪಿಟಿ-3ರ ಮಟ್ಟಿಗೆ ಇದರಿಂದ ಕಲಿಸಬೇಕಾದ ಸಂಖ್ಯೆಗಳು ಹತ್ತು ಸಾವಿರ ಪಟ್ಟು ಕಡಿಮೆಯಾದವು. ಎರಡು ದಾರಿಗಳ ಖರ್ಚನ್ನು ನೇರವಾಗಿ ಹೋಲಿಸಿದ್ದು 2022ರ ಟಿ-ಫ್ಯೂ ಪ್ರಬಂಧ. 1,100 ಕೋಟಿ ಪ್ಯಾರಾಮೀಟರ್‌ಗಳ ಮಾದರಿಯನ್ನು ಒಂದೇ ಜಿಪಿಯು ಮೇಲೆ ಅರ್ಧ ಗಂಟೆ, ಸುಮಾರು 2 ಡಾಲರ್ ಖರ್ಚಿನಲ್ಲಿ ತಿದ್ದಿದರೆ ಅದು ಪ್ರಾಂಪ್ಟ್ ಮಾಡಿದ ಜಿಪಿಟಿ-3ನ್ನೂ ಮೀರಿಸುತ್ತದೆ ಎಂದು ಅದು ತೋರಿಸಿತು. ಆದರೆ ಆ ಎರಡು ಡಾಲರ್ ಯಂತ್ರದ ಬಾಡಿಗೆ ಮಾತ್ರ. ಉದಾಹರಣೆಗಳನ್ನು ಸಿದ್ಧಪಡಿಸುವ ಮನುಷ್ಯರ ಕೂಲಿಯಾಗಲಿ, ತಿದ್ದಿದ ಮಾದರಿಯನ್ನು ನಡೆಸುವ ಖರ್ಚಾಗಲಿ ಅದರಲ್ಲಿ ಸೇರಿಲ್ಲ.

ಕನ್ನಡಕ್ಕೆ ಬಂದಾಗ ಲೆಕ್ಕಕ್ಕೆ ಇನ್ನೊಂದು ಅಂಶ ಸೇರುತ್ತದೆ. ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಓದುತ್ತವೆ, ಬೆಲೆಯೂ ಟೋಕನ್ನಿಗೆ ಇಷ್ಟೆಂದೇ ಇರುತ್ತದೆ. ಇಂಗ್ಲಿಷಿನ ಸಾಮಾನ್ಯ ಪದವೊಂದು ಹೆಚ್ಚಾಗಿ ಒಂದೇ ಟೋಕನ್. ಕನ್ನಡದ ಒಂದೊಂದು ಸಂಕೇತ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ 3 ಬೈಟ್ ಹಿಡಿಯುತ್ತದೆ. ‘ಬಾಗಲೂರು’ ಎಂಬ ಪದದಲ್ಲಿ ಅಕ್ಷರ, ಸ್ವರಚಿಹ್ನೆಗಳೆಲ್ಲ ಸೇರಿ ಏಳು ಸಂಕೇತ, ಅಂದರೆ 21 ಬೈಟ್. ಕನ್ನಡವನ್ನು ಅಷ್ಟಾಗಿ ಕಾಣದ ಟೋಕನೈಜರ್ ಅದನ್ನು ಬೈಟು ಬೈಟಾಗಿ ಒಡೆದರೆ ಒಂದು ಊರಿನ ಹೆಸರಿಗೇ 21 ಟೋಕನ್ ಆಗಬಹುದು. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಭಾಷೆಯಾದ್ದರಿಂದ ಪದಗಳೂ ಉದ್ದ. ಪ್ರಾಂಪ್ಟಿನಲ್ಲಿ ಉದಾಹರಣೆಗಳನ್ನು ತುಂಬುವವರು ಈ ತೆರಿಗೆಯನ್ನು ಪ್ರತಿ ಸಲವೂ ಕಟ್ಟಬೇಕಾಗುತ್ತದೆ.

ಬಾಗಲೂರಿನಂಥ ಊರನ್ನೇ ತೆಗೆದುಕೊಂಡು ಲೆಕ್ಕ ಹಾಕಬಹುದು. ಹಳ್ಳಿ ಬಡಾವಣೆಯಾಗುತ್ತಿರುವ ಇಂಥ ಕಡೆ ನಾಗರಿಕರ ದೂರುಗಳು ಕನ್ನಡದಲ್ಲಿ, ನಡುನಡುವೆ ಇಂಗ್ಲಿಷ್ ಬೆರೆಸಿಕೊಂಡು ಬರುತ್ತವೆ. ಅವನ್ನು ನೀರು, ಬೀದಿದೀಪ, ಕಸ, ರಸ್ತೆ, ಖಾತೆ ಮುಂತಾದ ಹತ್ತು ವಿಭಾಗಗಳಿಗೆ ಹಂಚಬೇಕೆಂದಿಟ್ಟುಕೊಳ್ಳೋಣ. ಪ್ರಾಂಪ್ಟಿನ ಕೊನೆ ಹೀಗಿರುತ್ತದೆ:

```
ದೂರು: ಬೋರ್‌ವೆಲ್ ಮೋಟರ್ ಕೆಟ್ಟು ನಾಲ್ಕು ದಿನ ಆಯ್ತು, ನಲ್ಲೀಲಿ ನೀರಿಲ್ಲ.
ವಿಭಾಗ: ನೀರು
ದೂರು: ಬಸ್ ಸ್ಟಾಪ್ ಹತ್ರ ಲೈಟ್ ಉರೀತಿಲ್ಲ, ಕತ್ತಲಲ್ಲಿ ಓಡಾಡೋದು ಕಷ್ಟ.
ವಿಭಾಗ:
```

ಇಲ್ಲಿಂದ ಮುಂದಿನ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ದೂರಿಗೆ 25 ಪದ, ಪದಕ್ಕೆ 4 ಟೋಕನ್ ಎಂದರೆ ಒಂದು ದೂರು 100 ಟೋಕನ್. ಉತ್ತರವೂ ಸೇರಿ 110 ಟೋಕನ್‌ಗಳ 30 ಉದಾಹರಣೆಗಳಿಗೆ 3,300, ಸೂಚನೆಗೆ 400, ಹೊಸ ದೂರಿಗೆ 100, ಒಟ್ಟು 3,800. ಹತ್ತು ಲಕ್ಷ ಟೋಕನ್ನಿಗೆ 20 ರೂಪಾಯಿಯಾದರೆ ಒಂದು ದೂರಿಗೆ ಏಳೂವರೆ ಪೈಸೆ ಚಿಲ್ಲರೆ. ತಿಂಗಳಿಗೆ ಸಾವಿರ ದೂರು ಬಂದರೂ ಖರ್ಚು 76 ರೂಪಾಯಿ. ಈ ಪ್ರಮಾಣದಲ್ಲಿ ಫೈನ್‌ಟ್ಯೂನಿಂಗ್ ಮಾತೆತ್ತುವುದೇ ವ್ಯರ್ಥ.

ಎದುರು ಪಕ್ಕದ ಲೆಕ್ಕ ಬೇರೆ. 2,000 ದೂರುಗಳನ್ನು ಓದಿ ಸರಿಯಾದ ವಿಭಾಗ ಬರೆಯಲು ದೂರಿಗೆ 3 ರೂಪಾಯಿಯಂತೆ 6,000 ರೂಪಾಯಿ ಬೇಕು. ತರಬೇತಿಯ ಬಾಡಿಗೆ ಅದರ ಮುಂದೆ ಅಲ್ಪ. ಆದರೆ ತಿದ್ದಿದ ದೊಡ್ಡ ಮಾದರಿಗೆ ಜಿಪಿಯು ಬೇಕು. ಗಂಟೆಗೆ 100 ರೂಪಾಯಿಯ ಯಂತ್ರವನ್ನು ಹಗಲಿರುಳು ತೆರೆದಿಟ್ಟರೆ ತಿಂಗಳಿಗೆ 72,000 ರೂಪಾಯಿ, ಪ್ರಾಂಪ್ಟಿನ ಖರ್ಚು ಅದಕ್ಕೆ ಸಮವಾಗಲು ತಿಂಗಳಿಗೆ ಸುಮಾರು ಒಂಬತ್ತೂವರೆ ಲಕ್ಷ ದೂರು ಬರಬೇಕು. ದೂರುಗಳನ್ನೆಲ್ಲ ಕೂಡಿಟ್ಟು ರಾತ್ರಿ ಅರ್ಧ ಗಂಟೆ ಮಾತ್ರ ಯಂತ್ರ ನಡೆಸಿದರೆ ತಿಂಗಳ ಬಾಡಿಗೆ 1,500 ರೂಪಾಯಿಗೆ ಇಳಿದು, ಗಡಿ ಸುಮಾರು 20,000 ದೂರಿಗೆ ಬರುತ್ತದೆ. ಯಂತ್ರ ಖಾಲಿ ಕೂರುವ ಹೊತ್ತಿನ ಬಾಡಿಗೆಯೇ ಈ ಲೆಕ್ಕವನ್ನು ಹೆಚ್ಚಾಗಿ ತಲೆಕೆಳಗು ಮಾಡುತ್ತದೆ, ಯೋಜನೆ ಹಾಕುವಾಗ ಮರೆತುಹೋಗುವುದೂ ಅದೇ.

ವಿಭಾಗಿಸುವಂಥ ಸಣ್ಣ ಕೆಲಸಕ್ಕೆ ಮೂರನೆಯ ಆಯ್ಕೆಯೊಂದಿದೆ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಇಂಡಿಕ್‌ಬರ್ಟ್‌ನಂಥ ಚಿಕ್ಕ ಮಾದರಿಯನ್ನು ತಿದ್ದಿದರೆ ಅದು ಕಚೇರಿಯ ಸಾಮಾನ್ಯ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆಗ ಉಳಿಯುವುದು ಬಹುಪಾಲು ಆ 6,000 ರೂಪಾಯಿಯ ಖರ್ಚೇ. ಅಂದರೆ ಎಲ್ಲ ತಿಂಗಳೂ ಸೇರಿ ಸುಮಾರು 79,000 ದೂರು ದಾಟಿದ ಮೇಲೆ ಅದು ಪ್ರಾಂಪ್ಟಿಗಿಂತ ಅಗ್ಗ. ಹೊಸ ವಿಭಾಗವೊಂದು ಸೇರಿದರೆ ಮತ್ತೆ ಉದಾಹರಣೆ ಕೂಡಿಸಿ ಮತ್ತೆ ತರಬೇತಿ ಕೊಡಬೇಕು, ಪ್ರಾಂಪ್ಟಿನಲ್ಲಾದರೆ ಎರಡು ಸಾಲು ಸೇರಿಸಿದರೆ ಸಾಕು.

ಈ ಗಡಿಗಳು 2024ರಿಂದೀಚೆಗೆ ಪ್ರಾಂಪ್ಟಿನ ಕಡೆಗೆ ಸರಿದಿವೆ. ಒಂದು ಕಾರಣ ಟೋಕನೈಜರುಗಳ ಸುಧಾರಣೆ. ಆ ವರ್ಷದ ಮೇ ತಿಂಗಳಲ್ಲಿ ಬಂದ ಜಿಪಿಟಿ-4ಓದಲ್ಲಿ ತೆಲುಗಿನ ಮಾದರಿ ವಾಕ್ಯವೊಂದಕ್ಕೆ 159ರ ಬದಲು 45 ಟೋಕನ್ ಸಾಕಾಯಿತು. ಬೆಂಗಳೂರಿನ ಸರ್ವಂ ಎಐ ಅದೇ ವರ್ಷದ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ ಸರ್ವಂ-1, ಭಾರತೀಯ ಭಾಷೆಗಳಲ್ಲಿ ಪದಕ್ಕೆ 1.4ರಿಂದ 2.1 ಟೋಕನ್ ಬಳಸುತ್ತದೆ ಎಂದು ಸಂಸ್ಥೆ ಹೇಳಿದೆ. ಪದಕ್ಕೆ 4ರ ಬದಲು 2 ಟೋಕನ್ ಆದರೆ ಮೇಲಿನ 20,000ದ ಗಡಿ 40,000ಕ್ಕೆ ಏರುತ್ತದೆ. ಇನ್ನೊಂದು ಕಾರಣ ಪ್ರಾಂಪ್ಟ್ ಕ್ಯಾಶಿಂಗ್. ಪದೇಪದೇ ಬರುವ ಒಂದೇ ಆರಂಭಭಾಗವನ್ನು ನೆನಪಿಟ್ಟುಕೊಂಡು ಕಡಿಮೆ ದರ ಹಾಕುವ ಏರ್ಪಾಡಿದು, ಕೆಲವು ಸೇವೆಗಳಲ್ಲಿ ಆ ದರ ಹತ್ತನೇ ಒಂದು ಪಾಲು. ನಾಲ್ಕು ಟೋಕನ್ನಿನ ಹಳೆಯ ಲೆಕ್ಕದಲ್ಲೇ ಸ್ಥಿರವಾದ 3,700 ಟೋಕನ್ನಿಗೆ 370ರ ಬೆಲೆ ಬಿದ್ದರೆ, ಗಡಿ ತಿಂಗಳಿಗೆ ಸುಮಾರು ಒಂದು ಲಕ್ಷ ಅರವತ್ತು ಸಾವಿರ ದೂರಿಗೆ ಹೋಗುತ್ತದೆ. ಇದಕ್ಕೆ ಆರಂಭಭಾಗ ಅಕ್ಷರಶಃ ಒಂದೇ ಆಗಿರಬೇಕು. ಪ್ರಾಂಪ್ಟಿನ ಮೊದಲ ಸಾಲಿನಲ್ಲಿ ಸಮಯವನ್ನೋ ದೂರಿನ ಸಂಖ್ಯೆಯನ್ನೋ ಬರೆದರೆ ರಿಯಾಯಿತಿ ಪೂರ್ತಿ ಹೋಗುತ್ತದೆ. ನೆನಪು ಕೆಲವೇ ನಿಮಿಷ ಉಳಿಯುವ ಸೇವೆಯಲ್ಲಿ, ಗಂಟೆಗೊಂದು ದೂರು ಬರುವ ಕಡೆ ಅದು ಸಿಗುವುದೂ ಇಲ್ಲ.

ಟೋಕನ್ನಿನ ತೊಂದರೆಯನ್ನು ಬುಡದಲ್ಲೇ ಸರಿಪಡಿಸಬೇಕಾದರೆ ಪ್ರಾಂಪ್ಟಿನಿಂದ ಆಗದು, ತರಬೇತಿಯೇ ಬೇಕು. 2024ರ ಆರಂಭದಲ್ಲಿ ಬಂದ ಟೆನ್ಸೋಯಿಕ್ ಸಂಸ್ಥೆಯ ಕನ್-ಲಾಮಾ ಇದಕ್ಕೆ ಉದಾಹರಣೆ. ಅದರಲ್ಲಿ ಲಾಮಾ-2ರ 700 ಕೋಟಿ ಪ್ಯಾರಾಮೀಟರ್ ಮಾದರಿಯ ಪದಕೋಶಕ್ಕೆ ಕನ್ನಡದ ತುಣುಕುಗಳನ್ನು ಸೇರಿಸಿ, ಸುಮಾರು 60 ಕೋಟಿ ಕನ್ನಡ ಟೋಕನ್‌ಗಳನ್ನು ಲೋರಾ ಮೂಲಕ ಕಲಿಸಲಾಯಿತು. ಒಂದು ಎ100 ಜಿಪಿಯು ಮೇಲೆ ಸುಮಾರು 50 ಗಂಟೆ, ಅಂದಾಜು 170 ಡಾಲರ್ ಹಿಡಿಯಿತು.

ಹಣದ ಲೆಕ್ಕಕ್ಕೆ ಮುನ್ನ ಎರಡೂ ದಾರಿಗಳ ನಿಖರತೆಯನ್ನು ಒಂದೇ ಅಳತೆಯಿಂದ ಅಳೆಯಬೇಕು. ಎಲ್ಲಿಯೂ ಉದಾಹರಣೆಯಾಗಿ ಬಳಸದ ಇನ್ನೂರು ದೂರುಗಳನ್ನು ಬೇರೆ ತೆಗೆದಿಡಬೇಕು. ಪ್ರಾಂಪ್ಟಿನ ಉದಾಹರಣೆಗಳನ್ನು ಐದು ಸಲ ಕಲಸಿ ಓಡಿಸಿದಾಗ ಅಂಕಗಳು ಅಲುಗಾಡಿದರೆ, ಪ್ರಾಂಪ್ಟ್ ಇನ್ನೂ ನಂಬುವಂತಿಲ್ಲ. ಫೈನ್‌ಟ್ಯೂನಿಂಗ್‌ನಲ್ಲಿ ತರಬೇತಿಯ ದೂರುಗಳ ತಪ್ಪು ಇಳಿಯುತ್ತಾ, ತೆಗೆದಿಟ್ಟ ದೂರುಗಳ ತಪ್ಪು ಏರತೊಡಗಿದರೆ ಮಾದರಿ ಕಲಿಯುವುದನ್ನು ಬಿಟ್ಟು ಬಾಯಿಪಾಠ ಮಾಡುತ್ತಿದೆ ಎಂದರ್ಥ, ತರಬೇತಿಯನ್ನು ಅಲ್ಲಿಗೇ ನಿಲ್ಲಿಸಬೇಕು. ಪ್ರಾಂಪ್ಟಿನಿಂದ ಆರಂಭಿಸಿದವರಿಗೆ ಒಂದು ಅನುಕೂಲವಿದೆ: ಮಾದರಿ ಕೊಟ್ಟ ಉತ್ತರಗಳನ್ನು ಸಿಬ್ಬಂದಿ ದಿನವೂ ತಿದ್ದುತ್ತ ಹೋದರೆ, ಆ 2,000 ಉದಾಹರಣೆಗಳು ಕೆಲಸದ ನಡುವೆಯೇ ಕೂಡಿಬರುತ್ತವೆ.