ಕೀಲು

ಸಂಸ್ಕೃತದ ‘ಕೀಲ’ ಎಂದರೆ ಗೂಟ, ಬೆಣೆ. ಕನ್ನಡದ ‘ಕೀಲು’ ಬಂಡಿಯ ಕಡಾಣಿಗೂ ಸಲ್ಲುತ್ತದೆ, ಕೈಕಾಲು ಆಡಿಸುವ ಕೀಲುಗೊಂಬೆಗೂ, ಎಲುಬುಗಳು ಕೂಡುವ ಜಾಗಕ್ಕೂ. ಶಾಲೆಯ ಪಾಠದಲ್ಲಿ ಮೊಣಕೈ ಬಿಜಾಗರಿ ಕೀಲು. ಬಿಜಾಗರಿ ಪೋರ್ಚುಗೀಸರ ‘ಬಿಸಾಗ್ರ’ದಿಂದ ಬಂದದ್ದು. ಹೆಸರು ಒಪ್ಪುವಂಥದ್ದೇ: ಬಾಗಿಲಿನಂತೆ ಮೊಣಕೈಯೂ ಒಂದೇ ದಿಕ್ಕಿಗೆ ಮಡಚುತ್ತದೆ.

ಬಾಗಿಲನ್ನು ಎಳೆಯಲೂಬಹುದು, ತಳ್ಳಲೂಬಹುದು. ಆದರೆ ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಕೈ ಮಡಚಲು ತೋಳಿನ ಮುಂದೆ ದ್ವಿಶಿರ ಸ್ನಾಯು, ಚಾಚಲು ಹಿಂದೆ ತ್ರಿಶಿರ ಸ್ನಾಯು. ಒಂದು ಕುಗ್ಗಿದಾಗ ಇನ್ನೊಂದು ಸಡಿಲ. ಮೊಣಕೈ ಮಡಚಿ, ಅಂಗೈಯಿಂದ ಮೇಜನ್ನು ಅಡಿಯಿಂದ ಮೇಲಕ್ಕೆ ಒತ್ತಿ ನೋಡಿ: ತೋಳಿನ ಮುಂಭಾಗ ಗಟ್ಟಿಯಾಗುತ್ತದೆ. ಮೇಲಿನಿಂದ ಕೆಳಕ್ಕೆ ಒತ್ತಿದರೆ ಹಿಂಭಾಗ ಗಟ್ಟಿಯಾಗುತ್ತದೆ.